ಮೂರು ಬಾಟಲಿ ಮತ್ತು ನಡುವಿನ ಊರು

ನನ್ನ ತಂಗಿ ಯುರೋಪಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿದ್ದಳು. ಏಳನೇ ತಿಂಗಳಿಗೇ ರಕ್ತದೊತ್ತಡ ಏರಿ, ಮಗುವನ್ನು ಯಾವ ಗಳಿಗೆಯಲ್ಲಾದರೂ ಆಪರೇಷನ್ ಮಾಡಿ ತೆಗೆಯಬೇಕಾಗಬಹುದು ಎಂದು ವೈದ್ಯರು ಹೇಳಿದ್ದರು. ಅವಳ ಗಂಡ ಅಲ್ಲಿಯವನೇ. ಅವನ ತಾಯಿ ತನ್ನ ಕೆಲಸಕ್ಕೆ ರಜೆ ಹಾಕಿ ಹಗಲೆಲ್ಲ ಅವಳ ಹಾಸಿಗೆಯ ಪಕ್ಕದಲ್ಲೇ ಕೂರುತ್ತಿದ್ದರು. ಬಾಯಿಗೆ ಗಂಜಿ ಇಡುವುದು, ತಲೆ ಬಾಚುವುದು, ಎಲ್ಲ ಅವರೇ. ಇದನ್ನು ಫೋನಿನಲ್ಲಿ ಕೇಳಿದಾಗಲೆಲ್ಲ ಅಮ್ಮ ಅಡುಗೆಮನೆಗೆ ಹೋಗಿ ಅತ್ತು ಬರುತ್ತಿದ್ದಳು.

ಅಪ್ಪ ಅಮ್ಮನಿಗೆ ವೀಸಾ ಬಂದ ದಿನವೇ ಸಿಕ್ಕ ವಿಮಾನಕ್ಕೆ ಟಿಕೆಟ್ ಮಾಡಿದೆವು. ನೇರವಾಗಿ ಹೋಗುವುದು ಸಿಗಲಿಲ್ಲ. ಬೆಂಗಳೂರಿನಿಂದ ಗಲ್ಫಿನ ಒಂದು ಊರಿಗೆ ಒಂದು ಟಿಕೆಟ್, ಅಲ್ಲಿಂದ ಮುಂದಕ್ಕೆ ಬೇರೆ ಕಂಪನಿಯ ಇನ್ನೊಂದು ಟಿಕೆಟ್. ಆ ದೇಶದ ಟ್ರಾನ್ಸಿಟ್ ವೀಸಾ ಕೂಡ ಆನ್‌ಲೈನಿನಲ್ಲೇ ಬಂತು.

ಹೊರಡುವ ಹಿಂದಿನ ದಿನ ಬೆಳಗ್ಗೆ ಅಪ್ಪ ನನ್ನನ್ನು ವರಾಂಡಕ್ಕೆ ಕರೆದರು. "ಅವಳ ಅತ್ತೆ ವೈನ್ ಕುಡೀತಾರಂತೆ. ಅವರ ಮನೆಯವರು ವಿಸ್ಕಿ. ನಮ್ಮ ಕಡೆ ದ್ರಾಕ್ಷಿಯದೇ ಒಳ್ಳೆ ವೈನ್ ಸಿಗತ್ತಂತಲ್ಲ. ಬಾ, ನೋಡ್ಕೊಂಡು ಬರೋಣ."

ಜಯನಗರದಲ್ಲಿ ಇಷ್ಟು ವರ್ಷ ಬದುಕಿದ ನಮ್ಮ ಮನೆಗೆ ಹೆಂಡದ ಬಾಟಲಿ ಬಂದದ್ದಿಲ್ಲ. ಆ ಬೆಳಗ್ಗೆ ಅಪ್ಪ ಪೂಜೆ ಮುಗಿಸಿ, ಹಣೆಯ ಗಂಧ ಆರುವ ಮುಂಚೆಯೇ ಬನಶಂಕರಿಯ ಒಂದು ವೈನ್ ಸ್ಟೋರಿನಲ್ಲಿ ನಿಂತು, ಎರಡು ಕೆಂಪು ವೈನ್, ಬೆಂಗಳೂರಿನಲ್ಲೇ ತಯಾರಾದ ಒಂದು ವಿಸ್ಕಿ ಆರಿಸಿದರು. ಮಗಳ ಬಾಯಿಗೆ ಗಂಜಿ ಇಟ್ಟ ಕೈಗೆ ಬರಿಗೈಯಲ್ಲಿ ಹೇಗೆ ನಮಸ್ಕಾರ ಮಾಡುವುದು ಎಂಬುದೊಂದೇ ಅವರ ತಲೆಯಲ್ಲಿತ್ತು.

ಪ್ಯಾಕಿಂಗ್ ನನ್ನದು. ಮೊದಲು ಮಿತಿಗಳನ್ನು ಓದಿದೆ. ಕೈಚೀಲದಲ್ಲಿ ಒಯ್ಯುವಂತಿಲ್ಲ, ನೂರು ಮಿಲಿಗಿಂತ ದೊಡ್ಡ ಬಾಟಲಿಯ ಯಾವ ದ್ರವವನ್ನೂ ಸೆಕ್ಯುರಿಟಿಯಲ್ಲಿ ಬಿಡುವುದಿಲ್ಲ. ಚೆಕ್-ಇನ್ ಪೆಟ್ಟಿಗೆಯಲ್ಲಿ ವಿಸ್ಕಿಯಂಥದ್ದು ಒಬ್ಬರಿಗೆ ಐದು ಲೀಟರ್ ತನಕ, ಶೇಕಡಾ ಎಪ್ಪತ್ತಕ್ಕಿಂತ ಹೆಚ್ಚು ಮದ್ಯಸಾರ ಇರಬಾರದು, ಅಂಗಡಿಯ ಸೀಲ್ ಒಡೆದಿರಬಾರದು. ತಲುಪುವ ದೇಶದಲ್ಲಿ ತೆರಿಗೆ ಇಲ್ಲದೆ ಒಬ್ಬರಿಗೆ ಒಂದು ಲೀಟರ್ ವಿಸ್ಕಿ, ಜೊತೆಗೆ ನಾಲ್ಕು ಲೀಟರ್ ವೈನ್. ನಮ್ಮದು ಎಲ್ಲ ಮಿತಿಯೊಳಗೂ ಇತ್ತು.

ಬಾಟಲಿಯ ಮುಚ್ಚಳದ ಸುತ್ತ ಟೇಪು ಸುತ್ತಿ, ಒಂದೊಂದನ್ನೂ ಗಾಳಿ ತೆಗೆದ ಜಿಪ್ ಕವರಿನೊಳಗೆ ಹಾಕಿದೆ. ಒಡೆದರೂ ಸೋರಬಾರದಲ್ಲ. ಅದರ ಮೇಲೆ ಅಪ್ಪನ ಉಣ್ಣೆಯ ಕಾಲುಚೀಲ, ಅದರ ಮೇಲೆ ಬಬಲ್ ರ‍್ಯಾಪ್. ಪೆಟ್ಟಿಗೆಯ ತಳಕ್ಕೆ ಅಮ್ಮನ ಶಾಲುಗಳನ್ನು ಹಾಸಿ, ಬಾಟಲಿಗಳನ್ನು ನಡುಮಧ್ಯೆ ಮಲಗಿಸಿ, ಒಂದಕ್ಕೊಂದು ತಾಗದಂತೆ ನಡುವೆ ಮಗುವಿಗೆಂದು ಹೊಲಿದ ಹಳೇ ಸೀರೆಯ ಕುಲಾವಿ, ದುಪಟಿಗಳನ್ನು ತುರುಕಿದೆ. ಅಂಚಿನ ಗಟ್ಟಿ ಪ್ಲಾಸ್ಟಿಕ್ಕಿಗೆ ಯಾವುದೂ ತಾಗುತ್ತಿರಲಿಲ್ಲ. ಪೆಟ್ಟಿಗೆ ಮುಚ್ಚಿ ಎತ್ತಿ ಅಲುಗಾಡಿಸಿದೆ. ಒಳಗೆ ಏನೂ ಕದಲಲಿಲ್ಲ.

ಮರುದಿನ ಬೆಳಗ್ಗೆ ಇಬ್ಬರನ್ನೂ ವಿಮಾನ ನಿಲ್ದಾಣದ ಬಾಗಿಲಲ್ಲಿ ಬಿಟ್ಟೆ. ಟಿಕೆಟ್ ಇಲ್ಲದ ನನಗೆ ಒಳಗೆ ಪ್ರವೇಶವಿರಲಿಲ್ಲ. ಗಾಜಿನಾಚೆ ಅವರು ಪೆಟ್ಟಿಗೆ ಕೊಟ್ಟು, ಬೋರ್ಡಿಂಗ್ ಪಾಸ್ ಹಿಡಿದು ನನ್ನತ್ತ ಕೈಬೀಸಿದ್ದನ್ನು ನೋಡಿದೆ. ಮನೆಯ ಬೀಗದ ಕೈ ಎದುರುಮನೆ ಆಂಟಿಯ ಹತ್ತಿರವಿತ್ತು. ಅವರು ಬಹಳ ವರ್ಷ ಗಲ್ಫಿನಲ್ಲಿ ನರ್ಸ್ ಆಗಿದ್ದವರು. ಮನೆಗೆ ಹೊರಡ್ತಿದೀನಿ ಎಂದು ಹೇಳಲು ಫೋನ್ ಮಾಡಿದೆ.

"ಲಗೇಜು ಸೀದಾ ಅಲ್ಲಿಗೇ ಹೋಗತ್ತಾ?" ಎಂದು ಕೇಳಿದರು.

"ಇಲ್ಲ ಆಂಟಿ, ಎರಡು ಬೇರೆ ಬೇರೆ ಟಿಕೆಟ್. ನಡುವೆ ಇಳಿದು ತಗೊಂಡು ಮತ್ತೆ ಹಾಕಬೇಕು."

"ನಿನ್ನೆ ನಿಮ್ಮಪ್ಪ ಬಾಟ್ಲಿ ತೋರಿಸಿದ್ರಲ್ಲ. ಅದೂ ಅದರಲ್ಲೇ ಇದೆಯಾ?"

"ಹೂಂ."

"ಅಯ್ಯೋ, ಅಲ್ಲಿ ಒಂದು ತೊಟ್ಟೂ ತರೋ ಹಾಗಿಲ್ಲ ಕಣೇ. ಪೆಟ್ಟಿಗೆ ತಗೊಂಡು ಆಚೆ ಬರೋವಾಗ ಮಿಷನ್ನಿಗೆ ಹಾಕ್ತಾರೆ. ಸಿಕ್ಕಿದ್ರೆ ಕೂರಿಸ್ಕೊಂಡುಬಿಡ್ತಾರೆ. ಮುಂದಿನ ವಿಮಾನ ಮರ್ತುಬಿಡು. ಹೇಗಾದ್ರೂ ಮಾಡಿ ಈಗ್ಲೇ ತೆಗೆಸು."

ಹೊರಡುವ ಊರಿನದನ್ನೂ ತಲುಪುವ ಊರಿನದನ್ನೂ ಓದಿದ್ದೆ. ನಡುವೆ ಇಳಿಯುವ ಊರು ನನ್ನ ತಲೆಗೇ ಬಂದಿರಲಿಲ್ಲ.

ಅಪ್ಪನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಅಮ್ಮನದು ಸ್ವಿಚ್ ಆಫ್. ಮತ್ತೆ ಮಾಡಿದೆ, ಮತ್ತೆ. ಬಾಗಿಲಲ್ಲಿದ್ದ ಸೆಕ್ಯುರಿಟಿಯವರ ಹತ್ತಿರ ಹೋಗಿ, "ಸಾರ್, ಎರಡೇ ನಿಮಿಷ ಒಳಗೆ ಬಿಡಿ, ನಮ್ಮಪ್ಪ ಅಮ್ಮನ್ನ ನಿಲ್ಲಿಸಬೇಕು" ಎಂದೆ. ಅವರು ತಲೆಯಾಡಿಸಿದರು. ಅಳುತ್ತಲೇ ಎಲ್ಲವನ್ನೂ ಹೇಳಿದೆ. ಅವರು ಹೊರಗೋಡೆಯಲ್ಲಿದ್ದ ವಿಮಾನ ಕಂಪನಿಯ ಟಿಕೆಟ್ ಕಿಟಕಿಯತ್ತ ಕೈ ತೋರಿಸಿ, "ಮೇಡಂ, ಅಲ್ಲಿ ಕೇಳಿ. ಅವ್ರು ಒಳಗೆ ಮಾತಾಡ್ತಾರೆ" ಎಂದರು.

ಕಿಟಕಿಯಲ್ಲಿದ್ದ ಹುಡುಗಿ ಪೂರ್ತಿ ಕೇಳಿಸಿಕೊಂಡಳು. ವಾಕಿಟಾಕಿಯಲ್ಲಿ ಏನೋ ಹೇಳಿ ನನ್ನ ಕಡೆ ತಿರುಗಿದಳು. "ಇಮಿಗ್ರೇಷನ್ ಕ್ಯೂನಲ್ಲಿದಾರಂತೆ, ಸ್ಟ್ಯಾಂಪ್ ಇನ್ನೂ ಆಗಿಲ್ಲ. ವಾಪಸ್ ಕರ್ಕೊಂಡು ಬರ್ತಾರೆ. ಆದ್ರೆ ಬ್ಯಾಗ್ ಕೆಳಗೆ ಹೋಗಿದೆ ಮೇಡಂ. ಅದು ಬೇಗ ಸಿಕ್ಕಿದ್ರೆ ಸರಿ. ಕೌಂಟರ್ ಕ್ಲೋಸ್ ಆದ್ರೆ ಮತ್ತೆ ಹಾಕೋಕಾಗಲ್ಲ."

"ಬ್ಯಾಗೇ ಬೇಡ ಅಂದ್ರೆ? ಬ್ಯಾಗ್ ಇಲ್ಲೇ ಇರ್ಲಿ, ಅವರು ಹೋಗ್ಲಿ."

"ಹಾಗೂ ಮಾಡಬಹುದು. ಆದ್ರೆ ಅದು ಲೋಡ್ ಆಗಬಾರದು ಅಷ್ಟೆ. ನೋಡೋಣ ಇರಿ."

ಆಗ ಫೋನ್ ಸದ್ದು ಮಾಡಿತು. ಅಪ್ಪನಲ್ಲ, ತಂಗಿಯ ಗಂಡ. ಅವಳನ್ನು ಆಪರೇಷನ್ ಕೋಣೆಗೆ ಒಯ್ದಿದ್ದಾರೆ, ಅಪ್ಪ ಅಮ್ಮ ಎಲ್ಲಿದ್ದಾರೆ ಎಂದು ಕೇಳಿದ. ಹೊರಟಿದ್ದಾರೆ ಎಂದೆ.

ಗಾಜಿಗೆ ಹಣೆ ಆನಿಸಿ ನಿಂತೆ. ಸಿಬ್ಬಂದಿಯೊಬ್ಬನ ಹಿಂದೆ ಅಪ್ಪ ಅಮ್ಮ ಬರುವುದು ಕಂಡಿತು. ಬಹಳ ಹೊತ್ತು ಅವರು ಖಾಲಿ ಕೌಂಟರಿನ ಮುಂದೆ ಸುಮ್ಮನೆ ನಿಂತಿದ್ದರು. ಕೊನೆಗೆ ಪೆಟ್ಟಿಗೆ ಬಂತು. ಅಪ್ಪ ನೆಲದ ಮೇಲೆ ಮಂಡಿಯೂರಿ ಅದನ್ನು ತೆಗೆದರು. ಅಷ್ಟು ಬಿಗಿಯಾಗಿ ಕಟ್ಟಿದ್ದೆನಲ್ಲ, ಬಿಚ್ಚಲು ಅವರ ಕೈಗೆ ಬರುತ್ತಿರಲಿಲ್ಲ. ಅಮ್ಮ ಶಾಲು, ಸೀರೆ, ಕುಲಾವಿಗಳನ್ನು ಎಳೆದೆಳೆದು ಹೊರಗೆ ಹಾಕುತ್ತಿದ್ದಳು. ಪಕ್ಕದ ಕೌಂಟರಿನ ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ಬಟ್ಟೆಯ ರಾಶಿಯ ನಡುವೆ, ಹೋಟೆಲಿನಲ್ಲಿ ಕೂಡ ಸಂಕೋಚದಿಂದ ತಲೆ ತಗ್ಗಿಸಿ ಕೂರುವ ನನ್ನ ಅಪ್ಪ, ಒಂದೊಂದೇ ಬಾಟಲಿಯನ್ನು ಎತ್ತಿ ಸಿಬ್ಬಂದಿಯ ಕೈಗೆ ಕೊಟ್ಟರು. ಒಂದು ಕ್ಷಣ ಮೂರನೆಯದನ್ನು ಹಾಗೇ ಹಿಡಿದಿದ್ದರು. ಅಮ್ಮ ಅದನ್ನು ಅವರ ಕೈಯಿಂದ ಕಿತ್ತು ಕೊಟ್ಟುಬಿಟ್ಟಳು.

ಪೆಟ್ಟಿಗೆ ಬೆಲ್ಟಿನ ಮೇಲೆ ಮತ್ತೆ ಹೋಯಿತು. ಅವರು ಓಡಿದರು. ಅಪ್ಪ ಅಮ್ಮ ಓಡಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಆಪರೇಷನ್ ವಿಷಯ ಅವರಿಗೆ ನಾನು ಹೇಳಲಿಲ್ಲ.

ಸಂಜೆ ಗಲ್ಫಿನ ಊರಿನಿಂದ ಅಪ್ಪ ಫೋನ್ ಮಾಡಿದರು. "ಮಿಷನ್ನಿಗೆ ಹಾಕಿದ್ರು. ಆಮೇಲೆ ಬಿಚ್ಚಿಸಿದ್ರು ಕೂಡ. ಉಪ್ಪಿನಕಾಯಿ ಡಬ್ಬಿ ಮೂಸಿ ನೋಡಿ ಬಿಟ್ಟರು." ಕೂಡಲೇ ಕೇಳಿದರು, "ಅವಳು ಹೇಗಿದಾಳೆ?"

ಆ ಹೊತ್ತಿಗೆ ನನಗೆ ಸುದ್ದಿ ಬಂದಿತ್ತು. ಮಗು ಹುಟ್ಟಿತ್ತು, ಹೆಣ್ಣು. ಅಂಗೈಯಷ್ಟು. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ತಂಗಿಗೆ ರಕ್ತಸ್ರಾವ ನಿಂತಿರಲಿಲ್ಲ. ಇಷ್ಟನ್ನೂ ಹೇಳಿದೆ. ಅಪ್ಪನ ಹಿಂದೆ ಯಾವುದೋ ಭಾಷೆಯ ಪ್ರಕಟಣೆ ಕೇಳುತ್ತಿತ್ತು.

ಮರುದಿನ ಬೆಳಗ್ಗೆ ಅವರು ಆಸ್ಪತ್ರೆ ಮುಟ್ಟಿದರು. ಅಷ್ಟರಲ್ಲಿ ರಕ್ತ ನಿಂತಿತ್ತು. ತಂಗಿಗೆ ಎಚ್ಚರ ಇತ್ತಂತೆ, ಅಮ್ಮನ ಬೆರಳು ಹಿಡಿದಳಂತೆ. ಹೊರಗೆ ಹಜಾರದಲ್ಲಿ ಅಪ್ಪ ಅವಳ ಅತ್ತೆಯ ಮುಂದೆ ಎರಡೂ ಕೈ ಜೋಡಿಸಿದರು. ಆಕೆ ಆ ಎರಡು ಕೈಗಳನ್ನೂ ತನ್ನ ಕೈಯೊಳಗೆ ತೆಗೆದುಕೊಂಡು, ಮಗುವನ್ನು ತೋರಿಸಲು ಕರೆದುಕೊಂಡು ಹೋದರಂತೆ.