ಕಾವಿ ಕಾಣದ ಕ್ಯಾಮೆರಾ

ನಮ್ಮ ಅವ್ವನಿಗೆ ಆ ಹಲಗೆಯ ಚೀಟಿಯ ಮೇಲೆ ತನ್ನ ಹೆಸರು ಬೇಕಾಗಿತ್ತು. ಜೀವಮಾನದಲ್ಲಿ ಅವಳು ಬೇರೆ ಏನನ್ನೂ ಬಾಯಿಬಿಟ್ಟು ಕೇಳಿದ್ದು ನನಗೆ ನೆನಪಿಲ್ಲ. ಅರವತ್ತು ದಾಟಿದ ಮೇಲೆ ಇದೊಂದನ್ನು ಕೇಳಿದಳು, ಅದೂ ರೊಟ್ಟಿ ಬಡಿಯುತ್ತ, ನನ್ನ ಮುಖ ನೋಡದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ರಾಯಚೂರಿನ ಒಂದು ಸಣ್ಣ ವಸ್ತುಸಂಗ್ರಹಾಲಯದಲ್ಲಿ ನಾನು ಉಗ್ರಾಣ ನೋಡಿಕೊಳ್ಳುತ್ತಿದ್ದೆ. ಬೆಳಿಗ್ಗೆ ಬಂದು ಗೋಡೆಯ ಮೇಲಿನ ಮಾಪಕ ನೋಡಿ ಸೆಕೆ ಎಷ್ಟೆಂದು ಪುಸ್ತಕದಲ್ಲಿ ಬರೆಯುವುದು, ಪೆಟ್ಟಿಗೆಗಳಿಗೆ ಬೇವಿನ ಸೊಪ್ಪು ಹೊಸದಾಗಿ ಇಡುವುದು, ಗೆದ್ದಲು ಹಿಡಿಯಿತೇ ಎಂದು ಮರವನ್ನು ಬೆರಳಿಂದ ಬಡಿದು ನೋಡುವುದು, ಇಷ್ಟೇ ಕೆಲಸ. ಆ ವರ್ಷ ಮಾನ್ವಿಯ ಒಂದು ಮಠದಿಂದ ಮರದ ಚಿತ್ರದ ಹಲಗೆಯೊಂದು ನಮ್ಮಲ್ಲಿಗೆ ಬಂತು. ಕೊಳಲೂದುವ ಕೃಷ್ಣ, ಎರಡು ಬದಿಗೆ ಗೋಪಿಯರು, ಕಾಲ ಬಳಿ ಹಸು. ವರ್ಷಗಟ್ಟಲೆಯ ಎಣ್ಣೆಯ ಜಿಡ್ಡು ಕೂತು ಕೃಷ್ಣ ಯಾರು, ಕತ್ತಲೆ ಯಾವುದು ಎಂದು ಗೊತ್ತಾಗದಂತಾಗಿತ್ತು. ತೊಳೆದು, ಚೀಟಿ ಹಚ್ಚಿ ಜನರಿಗೆ ತೋರಿಸಬೇಕೆಂದು ತೀರ್ಮಾನವಾಗಿತ್ತು. ಚಿತ್ರದ ಕೆಳಗೆ ಬಂಗಾರದ ಅಕ್ಷರದಲ್ಲಿ ನನ್ನ ಸೋದರಮಾವನ ಹೆಸರಿತ್ತು.

ಮಾವ ದೇವದುರ್ಗದಲ್ಲಿ ಚಿತ್ರ ಬರೆಯುವ ಮನೆತನದ ಹಿರಿಯ. ಅವ್ವ ಅವನ ತಂಗಿ. ಮದುವೆಗೆ ಮುಂಚೆ, ಹದಿನೇಳು ವರ್ಷದವಳಿದ್ದಾಗ, ಆ ಹಲಗೆಯ ಚಿತ್ರವನ್ನೆಲ್ಲ ಎಳೆದವಳು ತಾನೇ, ಅಣ್ಣ ಅಲ್ಲಲ್ಲಿ ತಿದ್ದಿ ಬಣ್ಣ ತುಂಬಿದ ಎಂದು ಅವ್ವ ಹೇಳುತ್ತಿದ್ದಳು. ಮಾವ ಅದನ್ನು ನಗೆಯಲ್ಲಿ ತೇಲಿಸುತ್ತಿದ್ದ.

ಹಲಗೆ ತೊಳೆಯುವ ಮುಂಚೆ ಅದರ ಒಳಗೇನಿದೆ ಎಂದು ನೋಡಲು ದೂರದ ಪ್ರಯೋಗಾಲಯದಿಂದ ಒಬ್ಬ ಮೇಡಂ ಬರುವುದಾಗಿ ಕಾಗದ ಬಂತು. ಬಣ್ಣದ ಕೆಳಗಿನ ಗೆರೆಗಳನ್ನು ತೋರಿಸುವ ಕ್ಯಾಮೆರಾ ತರುತ್ತೇನೆಂದು ಬರೆದಿದ್ದರು. ನನಗೆ ತಟ್ಟನೆ ಹೊಳೆಯಿತು. ಅವ್ವನ ಗೆರೆ ನನಗೆ ಗೊತ್ತು. ಆ ವಯಸ್ಸಿನಲ್ಲೂ ಅವಳು ಅಂಗಳದಲ್ಲಿ ರಂಗೋಲಿಯ ಬಳ್ಳಿ ಎಳೆದರೆ ತುದಿಯಲ್ಲಿ ಒಂದು ಸಣ್ಣ ಕೊಂಡಿ ಬರುತ್ತಿತ್ತು. ಅವಳು ಬರೆದ ಬೆರಳಿಗೂ ಎಲೆಗೂ ಅದೇ ಕೊಂಡಿ. ಒಳಗಿನ ಗೆರೆ ಕಂಡರೆ ಮುಗಿಯಿತು, ಮಾವ ಬಾಯಿ ಮುಚ್ಚಬೇಕು.

ಕಾಗದ ಹಿಡಿದುಕೊಂಡೇ ದೇವದುರ್ಗದ ಬಸ್ಸು ಹತ್ತಿದೆ. ಮಾವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ.

"ಮಾವಾ, ಹಲಗಿ ಚೀಟಿ ಮ್ಯಾಲ ಅವ್ವನ ಹೆಸರೂ ಬರೀಬೇಕಂತ ಆಕಿ ಆಸಿ."

"ನಿಮ್ಮವ್ವ ಬಣ್ಣ ಅರದಾಳವಾ. ಬಣ್ಣ ಅರದವರ ಹೆಸರು ಬರಕೋತ ಹೋದರ ಗೋಂದು ಕೊಟ್ಟ ಜಾಲಿಗಿಡದ ಹೆಸರೂ ಬರೀಬೇಕಾಗ್ತದ."

"ಗೆರಿ ಎಳದಾಕಿ ನಾನು ಅಂತಾಳ."

"ಅಂತಾಳ. ನಾನೂ ನವಾಬನ ಮಗ ಅಂತೀನಿ. ಯಾರು ಬ್ಯಾಡ ಅಂತಾರ?"

ನಾನು ಯಂತ್ರದ ಮಾತು ತೆಗೆದೆ. ಮಾವನ ಕೈ ನಿಂತಿತು. "ಅದು ಏನೇನ ಹಿಡಿತದ? ಓದು ನೋಡೋಣು." ಕಾಗದ ಓದಿದೆ. ಬಿಳಿ ಲೇಪದ ಮೇಲೆ ಮಸಿಯಿಂದ ಎಳೆದ ಗೆರೆಗಳು ಬಹಳ ಸ್ಪಷ್ಟವಾಗಿ ಕಾಣುತ್ತವೆ ಎಂಬ ಸಾಲು ಬಂದಾಗ, "ಅದನ್ನ ಇನ್ನೊಮ್ಮೆ ಓದು" ಎಂದ. ಓದಿದೆ. ಮಾವ ಒಂದು ಶೇಂಗಾ ಬಾಯಿಗೆ ಹಾಕಿಕೊಂಡು, "ಆತು. ಯಂತ್ರದಾಗ ನಿಮ್ಮವ್ವನ ಗೆರಿ ಕಂಡರ ಆಕಿ ಹೆಸರು ನನ್ನ ಹೆಸರಿಗಿಂತ ಮ್ಯಾಲ ಹಾಕ್ರಿ. ಕಾಣಲಿಲ್ಲಂದ್ರ ಈ ಮಾತು ಇಲ್ಲಿಗೇ ಮುಗೀತು" ಎಂದ. ಇಷ್ಟು ಸಲೀಸಾಗಿ ಒಪ್ಪಿದನಲ್ಲ ಎಂದು ನನಗೆ ಸಂಶಯ ಬರಬೇಕಿತ್ತು. ಬರಲಿಲ್ಲ. ನನ್ನ ಚಟವೇ ಹಾಗೆ, ಆ ಮಾತನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡೆ. ಮಾವ ಕೆಳಗೆ ಸಹಿ ಹಾಕಿದ. ನಾನೂ ಹಾಕಿದೆ.

ಮೇಡಂ ಮೈಸೂರು ಕಡೆಯವರು. ಎರಡು ಪೆಟ್ಟಿಗೆ, ಒಂದು ಸಣ್ಣ ಟೀವಿಯಂಥ ಪರದೆ, ಕರೆಂಟು ಏರಿಳಿಯದಂತೆ ಹಿಡಿಯುವ ಒಂದು ಭಾರದ ಡಬ್ಬಿ. ನಮ್ಮ ಕೋಣೆಯ ಟ್ಯೂಬ್‌ಲೈಟನ್ನು ಆರಿಸಲು ಹೇಳಿದರು. ಅದರ ಬೆಳಕಿನಲ್ಲಿ ತಮಗೆ ಬೇಕಾದ ಕಿರಣ ಹೆಚ್ಚುಕಡಿಮೆ ಇಲ್ಲವೇ ಇಲ್ಲವಂತೆ. ಬಿಸಿಯಾಗುವ ಹಳೇ ತರಹದ ದೊಡ್ಡ ಬಲ್ಬು ಎರಡು, ಹಲಗೆಗೆ ಕಾವು ತಾಗದಷ್ಟು ದೂರದಲ್ಲಿ, ಎರಡೂ ಬದಿಯಿಂದ ಹಚ್ಚಿದರು. ಕಿಟಕಿ ಮುಚ್ಚಿಸಿದರು. ಕ್ಯಾಮೆರಾದ ಮುಂದೆ ಕರೀ ಗಾಜಿನಂಥದ್ದೊಂದು ಬಿಲ್ಲೆ. ನಮ್ಮ ಕಣ್ಣಿಗೆ ಕಾಣುವ ಬೆಳಕನ್ನು ಅದು ತಡೆದು, ಕೆಂಪಿನ ಆಚೆಗಿನ, ಕಣ್ಣಿಗೆ ಕಾಣದ ಬೆಳಕನ್ನು ಮಾತ್ರ ಒಳಗೆ ಬಿಡುತ್ತದೆ.

ಅವ್ವನನ್ನೂ ಕರೆತಂದಿದ್ದೆ. ಇಳಕಲ್ಲ ಸೀರೆ ಉಟ್ಟು, ಲಗ್ನಕ್ಕೆ ಬಂದವಳ ಹಾಗೆ ಕುರ್ಚಿಯ ತುದಿಗೆ ಕೂತಿದ್ದಳು. ಮಾವ ಗೋಡೆಗೆ ಒರಗಿ ನಿಂತಿದ್ದ.

ಪರದೆ ಹತ್ತಿತು. ಮೊದಲು ಕೃಷ್ಣನ ನೀಲಿ ಹೋಯಿತು. ಜಿಡ್ಡಿನಲ್ಲಿ ಕಪ್ಪಾಗಿದ್ದ ಆ ಮೈ ಪರದೆಯಲ್ಲಿ ಹಾಲಿನ ಹಾಗೆ ಬೆಳ್ಳಗಾಯಿತು. "ನೀಲಿಗಿಡದ ಬಣ್ಣ, ಈ ಬೆಳಕಿಗೆ ಅದು ಗಾಜಿನ ಹಾಗೆ" ಎಂದರು ಮೇಡಂ. ಗೋಪಿಯ ಕುಂಕುಮಗೆಂಪು ಸೀರೆಯೂ ತೆಳ್ಳಗಾಯಿತು. ಬಂಗಾರದ ರೇಕು ಅಂಟಿಸಿದ ಕಡೆ ಮಾತ್ರ ಏನೂ ಕಾಣಲಿಲ್ಲ. ಲೋಹ ಬೆಳಕನ್ನು ಒಳಗೆ ಬಿಡುವುದಿಲ್ಲ.

ಆ ಬಿಳಿಯಲ್ಲಿ ಕರೀ ಗೆರೆಗಳು ತೇಲಿ ಬಂದವು. ಕೃಷ್ಣನ ಒಂದು ಭುಜ. ಎಡಗಡೆ ಗೋಪಿಯ ಮುಖದ ಅಂಚು. ಕೊಳಲ ಮೇಲಿನ ಎರಡು ಬೆರಳು. ಹಸುವಿನ ಮುಂಗಾಲು. ದಪ್ಪ, ಒತ್ತಿ ಎಳೆದ ಗೆರೆ. ಒಂದರಲ್ಲೂ ಕೊಂಡಿ ಇರಲಿಲ್ಲ.

ಅವ್ವ ಮುಂದಕ್ಕೆ ಬಾಗಿದಳು. "ಇದು ಅಣ್ಣಂದು. ನಂದೆಲ್ಲಿ?"

ಮೇಡಂ ಕ್ಯಾಮೆರಾವನ್ನು ಅಂಗೈಯಗಲದಷ್ಟು ಸರಿಸುತ್ತ, ಪ್ರತಿ ಸಲ ಪರದೆಯ ಫೋಟೋ ತೆಗೆಯುತ್ತ, ಇಡೀ ಹಲಗೆ ತೋರಿಸಿದರು. ಮಧ್ಯಾಹ್ನದವರೆಗೆ ಹಿಡಿಯಿತು. ಒಟ್ಟು ಐದು ಕಡೆ ಕರೀ ಗೆರೆ. ಮಿಕ್ಕಿದ್ದೆಲ್ಲ ಬಿಳಿ.

"ಯವ್ವಾ, ನೀ ಯಾತರಲೇ ಎಳದಿದ್ದಿ?" ಎಂದು ಕೇಳಿದೆ.

"ಕಾವಿಲೇ. ಮತ್ಯಾತರಲೇ?"

ಆ ಮನೆಯ ಪದ್ಧತಿಯೇ ಅದು. ಮೊದಲು ಎಳೆಯುವವರು ಕೆಂಪು ಕಾವಿಮಣ್ಣಿನಿಂದ ಎಳೆಯಬೇಕು, ತಿದ್ದುವ ಹಿರಿಯರು ದೀಪದ ಮಸಿಯಿಂದ ತಿದ್ದಬೇಕು. ಬಣ್ಣ ತುಂಬುವಾಗ ಯಾವ ಗೆರೆ ಹಿಡಿಯಬೇಕೆಂದು ಗೊಂದಲ ಆಗಬಾರದಲ್ಲ. ಇದು ನನಗೆ ಗೊತ್ತಿರದ ಸಂಗತಿಯಲ್ಲ. ಚಿಕ್ಕವಳಿದ್ದಾಗ ದೇವದುರ್ಗಕ್ಕೆ ಹೋದರೆ ಅಲ್ಲಿನ ಹುಡುಗಿಯರ ಬೆರಳೆಲ್ಲ ಕೆಂಪು, ಮಾವನ ಬೆರಳು ಮಾತ್ರ ಕರಿ. ಅವ್ವ ತವರಿಗೆ ಹೋದಾಗ ತುಸು ಎಳೆದು ಬಂದರೆ ಅವಳ ಕೈಗೆ ನೀರು ಹೊಯ್ದವಳೂ ನಾನೇ. ದಿನದ ಸೆಕೆಯನ್ನು ತಪ್ಪದೆ ಬರೆಯುವ ನಾನು ಆ ಕೆಂಪು ನೀರನ್ನು ಮರೆತಿದ್ದೆ.

ಮೇಡಂಗೆ ಹೇಳಿದೆ. ಅವರ ಮುಖ ಸಣ್ಣದಾಯಿತು. "ಅಯ್ಯೋ, ಮೊದಲೇ ಹೇಳಬಾರದಿತ್ತಾ? ಮಸಿ ಈ ಬೆಳಕನ್ನ ನುಂಗುತ್ತೆ, ಅದಕ್ಕೇ ಕಪ್ಪಗೆ ಕಾಣೋದು. ಕಾವಿ ನುಂಗಲ್ಲ. ಕೆಳಗಿನ ಬಿಳಿ ಲೇಪದ ಜೊತೆ ಸೇರಿ ಅದೂ ಬೆಳ್ಳಗಾಗಿಬಿಡುತ್ತೆ. ಇದ್ದರೂ ಕಾಣಲ್ಲಮ್ಮ."

ನಾನು ಮಾವನ ಕಡೆ ತಿರುಗಿದೆ. ಅವನು ನನ್ನನ್ನೇ ನೋಡುತ್ತಿದ್ದ. ಆ ಸಾಲನ್ನು ಎರಡು ಸಲ ಓದಿಸಿದ್ದು ಯಾಕೆಂದು ಆಗ ತಿಳಿಯಿತು.

ಮೇಡಂ ಕೈಬಿಡಲಿಲ್ಲ, ಒಳ್ಳೆಯವರು. ಹಲಗೆಯ ಕೆಳ ಅಂಚಿನಲ್ಲಿ ಬಣ್ಣ ಉದುರಿದ್ದ ಕಡೆ ಭೂತಗನ್ನಡಿ ಹಿಡಿದು ನೋಡಿದರು. ಅಲ್ಲೊಂದು ಎಳ್ಳುಕಾಳಿನಷ್ಟು ಕೆಂಪು ಕಂಡಿತು.

"ಕೆಂಪು ಗೆರೆ ಇದ್ದಿರಬಹುದು. ಇರಲೇಬೇಕು ಅನ್ಸುತ್ತೆ. ಯಾರೂ ಬರೀ ಭುಜ, ಬರೀ ಕಾಲು ಬರೆಯಲ್ಲ."

"ಇತ್ತಲ್ರೀ. ಅದೂ ನಂದ" ಎಂದ ಮಾವ. "ನಾನ ಎಳದೀನಿ, ನಾನ ತಿದ್ದೀನಿ."

"ನಿನ್ನ ನಾಲಿಗಿಗೂ ಒಂದು ಯಂತ್ರ ಹಚ್ಚಬೇಕೋ ಅಣ್ಣಾ" ಎಂದಳು ಅವ್ವ.

ಎಳ್ಳುಕಾಳಿನಷ್ಟು ಕೆಂಪು ಯಾರ ಕೈಯದೆಂದು ಹೇಗೆ ಹೇಳುವುದು? ಮೇಡಂ ತಲೆ ಅಲ್ಲಾಡಿಸಿದರು. ಇಬ್ಬರೂ ಸಹಿ ಹಾಕಿದ ಹಾಳೆ ಮಾವನ ಜೇಬಿನಲ್ಲಿತ್ತು. ನಕಲು ನನ್ನ ಮೇಜಿನ ಖಾನೆಯಲ್ಲಿ.

ಆಮೇಲೆ ಮೇಡಂ ಕ್ಯಾಮೆರಾವನ್ನು ಮತ್ತೆ ಹಸುವಿನ ಮೇಲೆ ನಿಲ್ಲಿಸಿ, ಪರದೆಯನ್ನೂ ಹಲಗೆಯನ್ನೂ ಹೋಲಿಸಿ ನೋಡಲು ನಮ್ಮನ್ನು ಕರೆದರು. ಒಳಗಿನ ಕರೀ ಗೆರೆಯಲ್ಲಿ ಹಸುವಿನ ಮುಂಗಾಲು ಮಡಚಿತ್ತು. ಮೇಲಿನ ಬಣ್ಣದಲ್ಲಿ ಅದು ನೆಟ್ಟಗಿತ್ತು. "ನೋಡಿ, ಮಸಿಯಲ್ಲಿ ಕಾಲು ಮಡಚಿಸಿದಾರೆ. ಬಣ್ಣ ಹಾಕೋವಾಗ ಆ ಗೆರೆ ಬಿಟ್ಟು ನೆಟ್ಟಗೆ ಮಾಡಿದಾರೆ. ಕಲಾವಿದರು ಮನಸ್ಸು ಬದಲಾಯಿಸಿರೋದು."

ಅವ್ವ ಬಹಳ ಹೊತ್ತು ನೋಡಿದಳು. "ನಾನು ಕಾಲು ನೆಟ್ಟಗ ಎಳದಿದ್ದೆ" ಎಂದಳು ಮೆಲ್ಲಗೆ. "ಕೊಳಲು ಕೇಳೋ ಹಸು ನಿಂತಿರ್ತದ, ಕಾಲು ಮಡಚೂದಿಲ್ಲ ಅಂದಿದ್ದೆ. ನಿನಗೇನ ತಿಳಿತದಲೇ ಅಂತ ಬೈದು ಮಸಿ ಹಚ್ಚಿದ. ನನ್ನ ಲಗ್ನ ಆಗಿ ಹೋದ ಮ್ಯಾಲ ಬಣ್ಣ ತುಂಬಿದ." ಅಣ್ಣನ ಕಡೆ ತಿರುಗಿದಳು. "ಮತ್ತ ನಂದ ಗೆರಿ ಹಿಡದೀಯಲ್ಲೋ ಅಣ್ಣಾ. ನನಗ ಒಂದ ಮಾತು ಹೇಳಿ ಕಳಸಬಾರದಿತ್ತಾ?"

ಮಾವ ಮೊದಲ ಸಲ ಕಣ್ಣು ಕೆಳಗೆ ಹಾಕಿದ. "ನಲವತ್ತು ವರ್ಷದ ಮಾತು. ಯಾರಿಗೆ ನೆನಪದ?" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಬಸ್ಸಿಗೆ ಇನ್ನೂ ಹೊತ್ತಿತ್ತು.

ವರದಿ ಒಂದು ತಿಂಗಳಿಗೆ ಬಂತು. ಮಸಿಯ ಗೆರೆಗಳು ಐದು ಕಡೆ ಕಂಡಿವೆ, ಮೊದಲ ರೇಖಾಚಿತ್ರ ಈ ವಿಧಾನಕ್ಕೆ ಗೋಚರಿಸಿಲ್ಲ, ಹಸುವಿನ ಕಾಲಿನ ವಿಷಯದಲ್ಲಿ ಕಲಾವಿದರು ತಮ್ಮ ನಿರ್ಧಾರ ಬದಲಿಸಿದ್ದಾರೆ. ಒಂದು ಅಕ್ಷರವೂ ಸುಳ್ಳಲ್ಲ. ತೊಳೆದ ಮೇಲೆ ಕೃಷ್ಣ ಮತ್ತೆ ನೀಲಿಯಾದ. ಚೀಟಿ ಟೈಪು ಮಾಡುವ ಕೆಲಸ ನನ್ನದೇ. ಸಹಿ ಹಾಕಿದ ಮಾತಲ್ಲವೇ, ಮಾವನ ಹೆಸರೊಂದನ್ನೇ ಟೈಪು ಮಾಡಿದೆ. ಕಚೇರಿಯಲ್ಲಿ ಹಿರಿಯರೊಡನೆ ಜಗಳ ತೆಗೆಯಬಹುದಿತ್ತು, ಅವ್ವ ಹೀಗೆನ್ನುತ್ತಾಳೆ ಎಂದು ಒಂದು ಸಾಲು ಸೇರಿಸಿ ಎನ್ನಬಹುದಿತ್ತು. ನಾನು ಅಚ್ಚುಕಟ್ಟಿನ ಹೆಣ್ಣುಮಗಳು. ಕಾಗದದಲ್ಲಿ ಇದ್ದುದನ್ನು ಮಾಡಿದೆ.

ಮನೆಗೆ ಬಂದು ಹೇಳಿದಾಗ ಅವ್ವ ಹಿಟ್ಟು ನಾದುತ್ತಿದ್ದಳು.

"ಐದು ಕಡೆ ಅಷ್ಟ ಕಂಡಿತಲ್ಲ?"

"ಹೂಂ ಯವ್ವಾ. ಐದ."

"ಅಂದ್ರ ಉಳದಿದ್ದೆಲ್ಲಾ ತಿದ್ದೋಹಂಗ ಇರಲಿಲ್ಲ" ಎಂದಳು. ಹಿಟ್ಟನ್ನು ಇನ್ನೊಮ್ಮೆ ಮಡಚಿ ನಾದಿ, "ಅವ ತಿದ್ದಿದ್ದಕ್ಕ ಸಾಕ್ಷಿ ಅದ. ನಾ ಸರಿ ಮಾಡಿದ್ದಕ್ಕ ಇಲ್ಲ" ಎಂದಳು.

ನಾನು ನೀರು ಹೊಯ್ಯಲು ಚೊಂಬು ಎತ್ತಿಕೊಂಡೆ. ಬೇಡವೆಂದು ಮೊಣಕೈಯಿಂದ ಸರಿಸಿ, ತಾನೇ ಎದ್ದು ಹೋಗಿ ಕೈ ತೊಳೆದುಕೊಂಡಳು. ಅಂದಿನಿಂದ ಅವ್ವ ರಂಗೋಲಿ ಹಾಕಲಿಲ್ಲ, ನಮ್ಮ ಅಂಗಳದಲ್ಲಿ ನಾನೇ ಹಾಕುತ್ತಿದ್ದೆ. ನನ್ನ ಬಳ್ಳಿಯ ತುದಿಗೆ ಕೊಂಡಿ ಬರುವುದಿಲ್ಲ.