ಐದು ಸಾವಿರಕ್ಕೂ ಐದೂವರೆ ಸಾವಿರಕ್ಕೂ ನಡುವೆ

ಸುರಪುರದ ಒಂದು ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ವರ್ಷಾನುಗಟ್ಟಲೆ ಅಲ್ಲೇ ಇದ್ದೂ ಅತಿಥಿ ಅನ್ನಿಸಿಕೊಳ್ಳುವುದು ಹೇಗೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಗೊತ್ತಿಲ್ಲದ ವಿಷಯಗಳ ಪಟ್ಟಿ ಉದ್ದವಿದೆ. ಅವತ್ತಿನ ಪ್ರಾಯೋಗಿಕ ಪರೀಕ್ಷೆಯಲ್ಲಿ ಅದಕ್ಕೆ ಇನ್ನೊಂದು ಸೇರಿತು.

ಮಧ್ಯಾಹ್ನದ ಬ್ಯಾಚಿನಲ್ಲಿ ನಾರಾಯಣಪುರದಿಂದ ಬರುವ ಒಬ್ಬ ಹುಡುಗಿ ಇದ್ದಳು. ಹಿಂದಿನ ಸಲ ಪರೀಕ್ಷೆಯ ದಿನವೇ ಅಜ್ಜಿ ತೀರಿಕೊಂಡು ಗೈರಾಗಿದ್ದಳು. ಡಿಗ್ರಿ ಮುಗಿಯಲು ಇದೊಂದೇ ಬಾಕಿ. ಇದು ಪಾಸಾದರೆ ಬಿ.ಎಡ್., ಆಗದಿದ್ದರೆ ಮತ್ತೊಂದು ವರ್ಷ ಮನೆಯಲ್ಲಿ. ಚೀಟಿ ಎತ್ತಿದಾಗ ಅವಳಿಗೆ ಅನುರಣನೆಯ ಪ್ರಯೋಗ ಬಂತು. ಸುಲಭದ್ದೇ ಬಂತಲ್ಲ ಎಂದು ನನಗೂ ಸಮಾಧಾನವಾಯಿತು.

ಪ್ರಯೋಗ ಇಷ್ಟೇ. ಒಂದು ತಂತಿ ಸುರುಳಿ, ಒಂದು ಕೆಪಾಸಿಟರ್, ಒಂದು ರೋಧ, ಮೂರನ್ನೂ ಒಂದರ ಹಿಂದೊಂದು ಜೋಡಿಸಿ ಹಿಂದೆ ಮುಂದೆ ತೂಗುವ ವಿದ್ಯುತ್ತನ್ನು ಹರಿಸುವುದು. ಅದು ಸೆಕೆಂಡಿಗೆ ಎಷ್ಟು ಸಲ ತೂಗಬೇಕು ಎಂಬುದನ್ನು, ಅಂದರೆ ಆವೃತ್ತಿಯನ್ನು, ಬದಲಿಸುತ್ತ ಹೋದರೆ, ಸರ್ಕಿಟ್ಟಿಗೆ ಒಗ್ಗುವ ಒಂದು ಆವೃತ್ತಿಯಲ್ಲಿ ಮೀಟರಿನ ಮುಳ್ಳು ಎಲ್ಲಕ್ಕಿಂತ ಮೇಲೇರುತ್ತದೆ. ಗ್ರಾಫ್ ಬರೆದರೆ ಒಂದು ಶಿಖರ. ರೋಧವೆಂದರೆ ಆ ತೂಗಾಟದ ಶಕ್ತಿಯನ್ನು ತಿನ್ನುವ ತಡೆ. ಅದು ಹೆಚ್ಚಿದ್ದರೆ ಶಿಖರ ಗಿಡ್ಡ ಮತ್ತು ಅಗಲ, ಕಡಿಮೆಯಿದ್ದರೆ ಎತ್ತರ ಮತ್ತು ಚೂಪು. ನಡುವಿನ ಆವೃತ್ತಿಯನ್ನು ಶಿಖರದ ಅಗಲದಿಂದ ಭಾಗಿಸಿದರೆ ಎಷ್ಟು ಚೂಪು ಎಂಬುದರ ಲೆಕ್ಕ ಸಿಗುತ್ತದೆ, ಅದಕ್ಕೆ ಕ್ಯೂ ಎನ್ನುತ್ತೇವೆ. ಅಗಲವನ್ನು ತುದಿಯಲ್ಲಿ ಅಳೆಯುವುದಲ್ಲ, ಎತ್ತರ ನೂರರಲ್ಲಿ ಸುಮಾರು ಎಪ್ಪತ್ತು ಪಾಲಿಗೆ ಇಳಿಯುವ ಕಡೆ ಅಳೆಯುವುದು. ಇದನ್ನು ನಾನು ನಿದ್ದೆಗಣ್ಣಲ್ಲೂ ಹೇಳಬಲ್ಲೆ ಎಂಬ ಜಂಬ ನನಗಿತ್ತು.

ಹುಡುಗಿ ಮೊದಲು ದೊಡ್ಡ ರೋಧ ಹಾಕಿದಳು. ಅಗಲವಾದ ದಿಬ್ಬ ಬಂತು, ಕ್ಯೂ ಮೂರರ ಹತ್ತಿರ. ಸರಿಯಾಗಿತ್ತು. ಆಮೇಲೆ ಚಿಕ್ಕ ರೋಧ ಹಾಕಿದಳು. ಸೂತ್ರದ ಪ್ರಕಾರ ಅರವತ್ತರ ಮೇಲೆ ಬರಬೇಕು. ಅವಳ ಗ್ರಾಫಿನಲ್ಲಿ ತಲೆ ಚಪ್ಪಟೆಯಾದ ಇನ್ನೊಂದು ದಿಬ್ಬ ಕೂತಿತ್ತು. ಕ್ಯೂ ಬರೀ ಐದು.

ಹೊರಗಿನಿಂದ ಬಂದಿದ್ದ ಪರೀಕ್ಷಕರು, ತಲೆ ನರೆತ ಹಿರಿಯರು, ಗ್ರಾಫನ್ನು ತಿರುಗಿಸಿ ನೋಡಿದರು.

"ಏನವಾ, ರೋಧ ಇಷ್ಟು ಕಡಿಮಿ ಮಾಡೀದಿ, ಚೂಪ್ ಎಲ್ಲಿ ಹೋತು?"

"ಮೀಟರ್‌ನಾಗ ಬಂದಿದ್ದೇ ಬರ್ದೀನ್ರಿ ಸರ್."

"ಮುಂಜಾನಿ ಒಬ್ಬ ಹುಡುಗ ಇದೇ ಕಿಟ್ ಮ್ಯಾಲ ಮಾಡ್ಯಾನ. ಅವನಿಗಿ ಅರವತ್ಮೂರು ಬಂದದ. ನಿನಗ್ಯಾಕ ಐದು?"

ನಾನು ಎದ್ದು ಹೋಗಿ ತಂತಿಗಳನ್ನೆಲ್ಲ ಮುಟ್ಟಿ ನೋಡಿದೆ. ಎಲ್ಲವೂ ಸರಿಯಾದ ಜಾಗದಲ್ಲೇ ಇದ್ದವು. ಕೆಪಾಸಿಟರ್ ಬದಲಿಸಿದಳೋ ಎಂದು ನೋಡಿದೆ, ಇಲ್ಲ. ಆ ವರ್ಷವಷ್ಟೇ ಬಂದ ಹೊಸ ಕಿಟ್ಟು, ಒಳ್ಳೆಯ ಸುರುಳಿ. ಹಳೆಯ ಕಿಟ್ಟಿನಲ್ಲಿ ಸುಂದರವಾಗಿ ಬರುತ್ತಿದ್ದ ಶಿಖರ ಹೊಸದರಲ್ಲಿ ಬರುವುದಿಲ್ಲ ಎಂದರೇನು ಅರ್ಥ? ಪರೀಕ್ಷಕರು ನನ್ನತ್ತ ನೋಡಿದಾಗ ನಾನು ಬಹಳ ತಿಳಿದವಳಂತೆ ತಲೆಯಾಡಿಸಿದೆ. ಏನು ತಿಳಿದು ಆಡಿಸಿದೆನೋ ದೇವರೇ ಬಲ್ಲ.

"ಟೈಮ್ ಆಗ್ಲಿಕತ್ತದ. ಬಂದ್ ಮಾಡವಾ," ಎಂದರು ಅವರು, ಬೇಸರದಿಂದ.

ಹುಡುಗಿ ಆವೃತ್ತಿಯ ಗುಂಡಿಯನ್ನು ಹಿಂದಕ್ಕೆ ತಿರುಗಿಸತೊಡಗಿದಳು. ಎಲ್ಲರೂ ಹಾಗೇ ಮಾಡುವುದು, ಸೊನ್ನೆಗೆ ತಂದು ಆರಿಸುವುದು. ಆದರೆ ಅವಳಿಗೆ ಆರಿಸಲು ಮನಸ್ಸಿರಲಿಲ್ಲ, ಕೈ ನಿಧಾನವಾಗಿತ್ತು. ಐದೂವರೆ ಸಾವಿರ ದಾಟಿ ಇಳಿಯುತ್ತಿದ್ದಾಗ ಮುಳ್ಳು ಸರ್ರನೆ ಮೇಲಕ್ಕೆ ಹೋಗಿ, ಅಷ್ಟೇ ಬೇಗ ಬಿದ್ದಿತು.

ಮೂವರೂ ನೋಡಿದೆವು.

"ಲೂಸ್ ಕಾಂಟ್ಯಾಕ್ಟ್," ಎಂದೆ ನಾನು, ಯಾರೂ ಕೇಳದಿದ್ದರೂ.

ಅವಳು ಗುಂಡಿಯನ್ನು ಮತ್ತೆ ಮುಂದಕ್ಕೆ ತಂದಳು. ಅದೇ ಜಾಗದಲ್ಲಿ ಮುಳ್ಳು ಮತ್ತೆ ಹಾರಿತು. ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದರು.

"ಲೂಸ್ ಇದ್ರ ದೊಡ್ಡ ರೋಧ ಹಾಕಿದ್ರೂ ಹಿಂಗ ಕುಣೀಬೇಕಲ್ರೀ ಮೇಡಮ್ರ? ಹಾಕವಾ ನೋಡೋಣ."

ಹಾಕಿದಳು. ಐದು ಸಾವಿರದಿಂದ ಐದೂವರೆ ಸಾವಿರದವರೆಗೆ ಮುಳ್ಳು ಅಲುಗಿದ್ದೇ ತಿಳಿಯಲಿಲ್ಲ, ಎತ್ತು ಮಲಗಿದ ಹಾಗೆ ಇತ್ತು. ಚಿಕ್ಕದು ಹಾಕಿದಳು. ಮತ್ತೆ ಹಾರಿತು, ಇಪ್ಪತ್ತಕ್ಕೆ. ಅವಳ ಗ್ರಾಫಿನಲ್ಲಿದ್ದ ಅತಿ ದೊಡ್ಡ ಅಳತೆ ಮೂರು.

ನನ್ನ ಕಣ್ಣು ಆಗ ಗೋಡೆಗೆ ಹೋಯಿತು. ಅಲ್ಲಿ ಯಾವ ಕಾಲದಲ್ಲೋ ಯಾರೋ ಬರೆದು ತೂಗುಹಾಕಿದ ಪಟ್ಟಿಯಿದೆ: ಆವೃತ್ತಿಯನ್ನು ಐನೂರು ಐನೂರರಂತೆ ಹೆಚ್ಚಿಸಿ ಅಳೆಯಿರಿ. ನಮ್ಮಲ್ಲಿ ಎಲ್ಲರೂ ಹಾಗೇ ಅಳೆಯುವುದು, ಅದೊಂದು ಸಂಪ್ರದಾಯ. ಹಳೆಯ ಸುರುಳಿಯ ತಂತಿಯಲ್ಲೇ ಬೇಕಾದಷ್ಟು ರೋಧವಿತ್ತು. ಶಿಖರ ಅಗಲವಾಗಿ ಬರುತ್ತಿತ್ತು, ಎಷ್ಟು ದೂರ ದೂರ ಹೆಜ್ಜೆಯಿಟ್ಟರೂ ಒಂದೆರಡು ಹೆಜ್ಜೆ ಅದರ ಮೇಲೆ ಬೀಳುತ್ತಿದ್ದವು. ಹೊಸ ಸುರುಳಿಯಲ್ಲಿ ತಡೆ ಕಡಿಮೆ, ಶಿಖರ ಸೂಜಿಯಷ್ಟು ಸಣ್ಣ. ಅದು ಐದು ಸಾವಿರಕ್ಕೂ ಐದೂವರೆ ಸಾವಿರಕ್ಕೂ ನಡುವೆ ನಿಂತಿತ್ತು. ಹುಡುಗಿ ಅದರ ಆಚೆಗೊಂದು ಈಚೆಗೊಂದು ಹೆಜ್ಜೆಯಿಟ್ಟು ದಾಟಿಹೋಗಿದ್ದಳು. ಕಿಟ್ಟು ಚೆನ್ನಾಗಿದ್ದದ್ದೇ ಅವಳ ಗ್ರಹಚಾರವಾಗಿತ್ತು. ಇದು ಹೊಳೆದಾಗ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು.

"ಅರ್ಧ ತಾಸು ಕೊಡ್ತೀನಿ," ಎಂದರು ಪರೀಕ್ಷಕರು. "ಸಣ್ಣ ಸಣ್ಣ ಹೆಜ್ಜಿ ಇಟ್ಟು ಮತ್ತೊಮ್ಮಿ ಅಳಿ."

ಅವಳು ಹತ್ತು ಹತ್ತರಂತೆ ಅಳೆದಳು. ಹೊಸ ಶಿಖರ ಹಳೆಯ ಗ್ರಾಫ್ ಹಾಳೆಯಲ್ಲಿ ಹಿಡಿಸಲಿಲ್ಲ. ಅಳತೆ ಬದಲಿಸಿ ಮೊದಲಿನಿಂದ ಬರೆಯಲು ಹೊತ್ತಿಲ್ಲದೆ, ಹಾಳೆಯ ಮೇಲೆ ಹಾಳೆ ಅಂಟಿಸುತ್ತ ಹೋದಳು. ಶಿಖರದ ನೆತ್ತಿ ಬೆಂಚಿನ ಆಚೆ ತುದಿಯವರೆಗೆ ಹೋಯಿತು. ಅದು ಸರಿಯಾಗಿ ಐದು ಸಾವಿರದ ಇನ್ನೂರೈವತ್ತರಲ್ಲಿ ನಿಂತಿತ್ತು. ಅಗಲ ಎಂಬತ್ತು. ಕ್ಯೂ ಅರವತ್ತೈದರ ಹತ್ತಿರ ಬಂತು.

"ಸರ್, ಹಂಗಾರ ನಾ ಮೊದ್ಲ ಬರ್ದಿದ್ದು ಸುಳ್ಳೇನ್ರಿ?" ಎಂದು ಕೇಳಿದಳು.

"ಸುಳ್ಳಲ್ಲವಾ. ಅದೂ ಖರೇನೇ ಅದ. ನಡುವಿಂದು ನೋಡಿದ್ದಿಲ್ಲ, ಅಷ್ಟೇ. ಹೋಗು, ಬಿ.ಎಡ್. ಅರ್ಜಿ ತುಂಬು."

ಅವಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಚೀಲವನ್ನು ಬೆಂಚಿನ ಮೇಲೇ ಬಿಟ್ಟು ಹೊರಟು, ಬಾಗಿಲಿನಿಂದ ತಿರುಗಿ ಬಂದು ತೆಗೆದುಕೊಂಡು ಹೋದಳು.

ಪರೀಕ್ಷಕರು ಅಂಕ ಹಾಕಲು ಕೂತವರು ಹಾಕಲಿಲ್ಲ. ಬೆಳಗಿನ ಉತ್ತರಪತ್ರಿಕೆಗಳ ಕಟ್ಟಿನಿಂದ ಆ ಹುಡುಗನದನ್ನು ಎಳೆದು ಅವಳದರ ಪಕ್ಕಕ್ಕೆ ಇಟ್ಟರು. ಅಚ್ಚುಕಟ್ಟಾದ ಗ್ರಾಫು. ಐನೂರರ ಹೆಜ್ಜೆಗಳು. ಶಿಖರ ಪುಸ್ತಕದ ಲೆಕ್ಕ ಹೇಳುವ ಕಡೆಯೇ ಇತ್ತು, ಸರಿಯಾಗಿ ಐದು ಸಾವಿರದಲ್ಲಿ. ಈ ಕಿಟ್ಟಿನ ಮುಳ್ಳು ಐದು ಸಾವಿರದಲ್ಲಿ ಮೂರರ ಮೇಲೆ ಏಳುವುದಿಲ್ಲ ಎಂಬುದನ್ನು ಈಗಷ್ಟೇ ನಾವಿಬ್ಬರೂ ಕಣ್ಣಾರೆ ಕಂಡಿದ್ದೆವು. ಅವನದರಲ್ಲಿ ಇಪ್ಪತ್ತಿತ್ತು; ಅಳೆದು ಬಂದದ್ದಲ್ಲ, ಸೂತ್ರದಿಂದ ಬಂದದ್ದು.

ಪೆನ್ನಿನ ಮುಚ್ಚಳ ತೆಗೆದವರು ಮತ್ತೆ ಹಾಕಿದರು. ಹುಡುಗನ ಅಂಕಪಟ್ಟಿ ಆಗಲೇ ಆನ್‌ಲೈನಿನಲ್ಲಿ ಹೋಗಿಬಿಟ್ಟಿತ್ತು.

"ಮೇಡಮ್ರ," ಎಂದರು ಕೊನೆಗೆ, "ಈಕಿಗಿ ಅವನಕಿಂತ ಒಂದಾದ್ರೂ ಹೆಚ್ಚಿಗಿ ಹಾಕ್ಬೇಕು ಅನಸ್ತದ. ಆದ್ರ ಅವನಿಗಿ ಪೂರಾ ಹಾಕಿ ಕುಂತೀನಿ, ಮ್ಯಾಲ ಜಾಗಾನೇ ಇಲ್ಲ."