ಅತ್ತಿಮರದ ಸಿಡುಬಿನ ಕಲೆ

ನಾಸಿಕ್ ರೋಡಿನಲ್ಲಿ ನಮ್ಮ ಯಜಮಾನರದು ಫೋಟೋ ಸ್ಟುಡಿಯೋ. ಅವರು ಚಿತ್ರ ತೆಗೆಯುತ್ತಿದ್ದರು, ನಾನು ಮುಖ ತಿದ್ದುತ್ತಿದ್ದೆ. ಮೂರನೆಯ ಇಯತ್ತೆಯ ಮೇಲೆ ನನಗೆ ಓದಿಲ್ಲ. ಆದರೆ ಪೆನ್ಸಿಲ್ಲನ್ನು ಸೂಜಿಯಂತೆ ಚೂಪು ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಯಾರೂ ಇರಲಿಲ್ಲ.

ಆಗ ಸಿಡುಬು ಊರೂರಲ್ಲಿತ್ತು. ಹೆಣ್ಣು ನೋಡಲು ಫೋಟೋ ಕಳಿಸುವವರು ಕಲೆ ಕಾಣಬಾರದು ಅನ್ನುತ್ತಿದ್ದರು. ಮುಖದ ಮೇಲಿನ ಕಪ್ಪು ಚುಕ್ಕೆ ನೆಗೆಟಿವ್‌ನಲ್ಲಿ ತಿಳಿಯಾಗಿ ಕಾಣುತ್ತದೆ. ನೆಗೆಟಿವ್‌ಗೆ ಒಂದು ಎಣ್ಣೆ ಸವರಿ, ಆ ತಿಳಿ ಜಾಗವನ್ನು ಪೆನ್ಸಿಲ್ಲಿನಿಂದ ತುಂಬಿದರೆ ಕಾಗದದ ಅಚ್ಚಿನಲ್ಲಿ ಕಲೆ ಮಾಯ. ಎಷ್ಟೋ ಹುಡುಗಿಯರ ಲಗ್ನ ನನ್ನ ಪೆನ್ಸಿಲ್ಲಿನಿಂದ ಆಗಿದೆ. ಲಗ್ನವಾದ ಮೇಲೆ ಏನಾಯಿತೋ ನಾನು ಕೇಳಲು ಹೋಗಿಲ್ಲ.

ಕಾಲೇಜಿನಲ್ಲಿ ಗಿಡಮರದ ಪಾಠ ಹೇಳುವ ಅಕ್ಕೋರು ಒಬ್ಬರಿದ್ದರು. ನಮ್ಮ ಬೀದರ ಕಡೆಯವರೇ. ಔರಂಗಾಬಾದಿನ ಒಬ್ಬ ದೊಡ್ಡ ಪ್ರೊಫೆಸರರ ಕೈಕೆಳಗೆ ಮುಂದೆ ಓದಬೇಕೆಂದು ಅವರ ಆಸೆ. ಗೋಡೆಯ ಮೇಲೆ, ಮರದ ಮೇಲೆ ಬೆಳೆಯುವ ಮೂರು ನಮೂನೆ ತೋರಿಸಿ ಯಾವುದು ಏನೆಂದು ಸರಿಯಾಗಿ ಹೇಳಿದರೆ ಸೇರಿಸಿಕೊಳ್ಳುತ್ತೇನೆ ಎಂದು ಆ ಪ್ರೊಫೆಸರರು ಬರೆದಿದ್ದರಂತೆ. ಎರಡು ನಮೂನೆ ಬಚ್ಚಲ ಗೋಡೆಯವು. ಮೂರನೆಯದು ದತ್ತನ ಗುಡಿಯ ಅತ್ತಿಮರದ್ದು. ದೇವರ ಮರಕ್ಕೆ ಚಾಕು ಹಚ್ಚಲು ಪೂಜಾರಿ ಬಿಡಲಿಲ್ಲ. ಅದಕ್ಕೇ ಮೂರರದೂ ಫೋಟೋ.

ಯಜಮಾನರು ದೊಡ್ಡ ಕ್ಯಾಮೆರಾ ಹೊತ್ತು ಹೋಗಿ, ಮರಕ್ಕೆ ಮುಖ ಹಚ್ಚಿದಂತೆ ನಿಂತು ತೆಗೆದು ತಂದರು. ಅಳತೆ ತಿಳಿಯಲೆಂದು ಪ್ರತಿಯೊಂದರ ಪಕ್ಕ ಒಂದು ಬೆಂಕಿಕಡ್ಡಿ. ಗೋಡೆಯ ಒಂದರಲ್ಲಿ ಅಂಚಿಲ್ಲದ ಬಳಿದಂಥ ಲೇಪ, ಅದು ಪಾಚಿ. ಇನ್ನೊಂದರಲ್ಲಿ ಸಣ್ಣ ಸಣ್ಣ ಎಲೆ, ಕೂದಲಿನಂಥ ದಂಟಿನ ತುದಿಗೆ ಮೊಗ್ಗು, ಅದು ಮಾಸ್. ಮರದ್ದು ಗುಂಡಗೆ, ಬೂದಿ ಬಣ್ಣ, ಅಂಚು ಬೆರಳು ಬೆರಳಾಗಿ ತೊಗಟೆಗೆ ಅಂಟಿಕೊಂಡದ್ದು. ಅದು ಲೈಕನ್, ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗ ಎಂದು ಮೊದಲೇ ಹೇಳಿದ್ದರು ಅಕ್ಕೋರು.

ಅಕ್ಕೋರು ತಾವು ಕಂಡದ್ದನ್ನೆಲ್ಲ ಬರೆದುಕೊಟ್ಟ ಕಾಗದದ ಜೊತೆ ಅಚ್ಚುಗಳು ನಮ್ಮ ಅಂಗಡಿಯಿಂದಲೇ ಔರಂಗಾಬಾದಿಗೆ ಹೋದವು. ತಿಂಗಳ ಮೇಲೆ ಪ್ರೊಫೆಸರರ ಉತ್ತರ ಬಂತು. ಪಾಚಿ, ಮಾಸ್ ಎರಡೂ ಸರಿ. ಮೂರನೆಯದರಲ್ಲಿ ನೀವು ಬರೆದ ಕಪ್ಪು ಬಿಲ್ಲೆಗಳು ಒಂದೂ ಇಲ್ಲ. ಇಲ್ಲದ್ದನ್ನು ಕಂಡೆನೆನ್ನುವವರು ನನ್ನ ಹತ್ತಿರ ಬರುವುದು ಬೇಡ.

ಅಕ್ಕೋರು ಕಾಗದ ಹಿಡಿದು ಅಂಗಡಿಗೆ ಬಂದರು. ಭೂತಗನ್ನಡಿ ಹಿಡಿದು ನೋಡಿದ್ದೇನೆ, ಸಾಸಿವೆಯಷ್ಟು ಬಿಲ್ಲೆಗಳಿದ್ದವು, ಅವುಗಳಿಂದಲೇ ಅದರ ಗುರುತು ಎಂದರು. ಮತ್ತೆ ತೆಗೆಯೋಣವೆಂದರೆ, ದತ್ತ ಜಯಂತಿಗೆಂದು ಗುಡಿಯವರು ಬೊಡ್ಡೆಗೆ ಸುಣ್ಣ, ಕಾವಿ ಬಳಿದುಬಿಟ್ಟಿದ್ದರು. ಚಾಕು ಬೇಡವೆಂದ ಪೂಜಾರಿಯೇ ನಿಂತು ಬಳಿಸಿದ್ದನಂತೆ.

ಯಜಮಾನರಿಗೆ ಸಿಟ್ಟು ಬಂತು. ಕ್ಯಾಮೆರಾ ಇದ್ದದ್ದನ್ನೇ ಹಿಡಿಯುತ್ತದೆ, ನಿಮ್ಮ ಕಣ್ಣೇ ತಪ್ಪಿರಬೇಕು ಎಂದರು. ಅಕ್ಕೋರು ಕಾಗದ ಮಡಚಿಕೊಂಡು ಎದ್ದರು.

ನಾನು ಒಳಗೆ ಕೂತು ಕೇಳುತ್ತಿದ್ದೆ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೊರಗೆ ಬಂದೆ.

"ಅಕ್ಕೋರ, ಅವು ಇದ್ದವ್ರಿ. ನಾನೇ ತುಂಬೀನಿ."

"ಏನು ತುಂಬೀರಿ, ವೈನಿ?"

"ಆ ಕಪ್ಪು ಚುಕ್ಕಿ. ಗುಂಡಗ ಮಾರಿಯಂಗ ಇತ್ತು, ಮೈತುಂಬ ಸಿಡುಬು. ಛಂದ ಕಾಣ್ಲಿ ಅಂತ ಎಲ್ಲಾ ತೆಗದೆ. ಯಾರೂ ಹೇಳಿರ್ಲಿಲ್ಲ."

ಯಜಮಾನರು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ಅಕ್ಕೋರು ಸ್ಟೂಲು ಎಳೆದುಕೊಂಡು ಕೂತರು. ಬೈಯುತ್ತಾರೆ ಎಂದುಕೊಂಡೆ.

"ಹಂಗಾದ್ರ ನನ್ನ ಕಣ್ಣು ಖರೇನ ನೋಡಿತ್ತು," ಎಂದರು. ಆಮೇಲೆ ಕೇಳಿದರು, "ಮತ್ತ ಆ ಪೆನ್ಸಿಲ್ ತೆಗೀಲಿಕ್ಕ ಬರ್ತದೇನ್ರಿ?"

ಬ್ಲೇಡಿನಿಂದ ಕೆರೆದಿದ್ದರೆ ಬರುತ್ತಿರಲಿಲ್ಲ. ಪೆನ್ಸಿಲ್ಲು ಮೇಲಿನ ಎಣ್ಣೆಯ ಮೇಲಷ್ಟೇ ಕೂತಿರುತ್ತದೆ. ಅರಳೆಗೆ ಟರ್ಪೆಂಟೈನ್ ಹಚ್ಚಿ, ನೆಗೆಟಿವ್ ಕೆರೆಯದ ಹಾಗೆ ಮೆಲ್ಲಗೆ ಒರೆಸಿದೆ. ಅಕ್ಕೋರು ನನ್ನ ಭುಜದ ಮೇಲೆ ಬಗ್ಗಿದ್ದರು. ಸ್ವಲ್ಪ ಸರೀರಿ, ಬೆಳಕು ಬರಲಿ ಎಂದೆ. ಅರಳೆ ಬೂದಿ ಬಣ್ಣಕ್ಕೆ ತಿರುಗಿತು. ತಿಳಿ ಚುಕ್ಕೆಗಳು ಒಂದೊಂದೇ ತಿರುಗಿ ಬಂದವು.

ಹೊಸ ಅಚ್ಚು ಹಾಕಿದಾಗ ಬಿಲ್ಲೆಗಳು ಕಪ್ಪಗೆ ಎದ್ದು ಕೂತಿದ್ದವು, ಬೆಂಕಿಕಡ್ಡಿಯ ತಲೆಗಿಂತ ಚಿಕ್ಕವು. ಅಕ್ಕೋರು ನಡೆದದ್ದೆಲ್ಲ ಬರೆದು ಕಳಿಸಿದರು. ತಿದ್ದಿದವಳು ನಾನೇ ಎಂದು ಕೆಳಗೆ ನನ್ನ ಸಹಿಯನ್ನೂ ಹಾಕಿಸಿದರು. ಅದನ್ನು ಹಾಕಲು ನನಗೆ ಸಾಕಷ್ಟು ಹೊತ್ತು ಹಿಡಿಯಿತು.

ಪ್ರೊಫೆಸರರ ಉತ್ತರ ಬಂತು. ಇದು ಕಪ್ಪು ಬಿಲ್ಲೆಯ ಲೈಕನ್ನೇ. ಪೂರ್ತಿ ಹೆಸರು ಫೋಟೋದಿಂದ ಹೇಳಲಾಗದು, ಒಂದು ಚೂರು ಕೈಗೆ ಬೇಕು, ಮದ್ದಿನ ಹನಿ ಹಾಕಿ ಬಣ್ಣ ತಿರುಗುತ್ತದೆಯೋ ನೋಡಬೇಕು. ಆದರೆ ನೀವು ಕಂಡದ್ದು ಸರಿ, ಬನ್ನಿ.

ಅಕ್ಕೋರು ಹೋಗುವ ಮುಂಚೆ ಒಂದು ಪುಡಿಕೆ ಕಲ್ಲುಹೂವು ತಂದುಕೊಟ್ಟರು. ಮಸಾಲೆಗೆ ಹಾಕಿದೆ. ಅವರ ನೆಗೆಟಿವ್ ಇಟ್ಟ ಲಕೋಟೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಮುಟ್ಟಬ್ಯಾಡ' ಎಂದು ನಾನೇ ಬರೆದೆ. ಆ ಮಧ್ಯಾಹ್ನ ನಿಫಾಡದಿಂದ ಒಬ್ಬ ಹುಡುಗಿಯನ್ನು ತಾಯಿ ಫೋಟೋಕ್ಕೆಂದು ಕರೆದುಕೊಂಡು ಬಂದಿದ್ದಳು, ಕೆನ್ನೆ ತುಂಬ ಕಲೆ. ಪೆನ್ಸಿಲ್ ಹಿಡಿಯುವ ಮುಂಚೆ, ಕಲೆ ತೆಗೀಲೋ ಬ್ಯಾಡೋ ಎಂದು ಅವಳನ್ನೇ ಕೇಳಿದೆ. ಅವಳು ತಾಯಿಯ ಮುಖ ನೋಡಿದಳು. ತೆಗೀರಿ ಎಂದಳು ತಾಯಿ. ತೆಗೆದೆ.